ನನ್ನ ಎಸ್‌ಐಪಿ ಲೆಕ್ಕಕ್ಕೆ FV ಬಳಸಿದ ಅನುಭವ

ಮ್ಯೂಚುವಲ್ ಫಂಡ್ ಎಸ್‌ಐಪಿಯಲ್ಲಿ ತಿಂಗಳಿಗೆ 5,000 ರೂಪಾಯಿ, ಹತ್ತು ವರ್ಷ, ವರ್ಷಕ್ಕೆ ಶೇಕಡ 12 ಬೆಳವಣಿಗೆ ಅಂದುಕೊಂಡರೆ ಕೊನೆಗೆ ಎಷ್ಟಾಗುತ್ತೆ? ಈ ಒಂದೇ ಪ್ರಶ್ನೆಗೆ ಒಂದು ಕ್ಯಾಲ್ಕುಲೇಟರ್ 11.6 ಲಕ್ಷ ಅನ್ನುತ್ತೆ, ಇನ್ನೊಂದು 11.2 ಲಕ್ಷ ಅನ್ನುತ್ತೆ. ಎರಡರ ಗುಣಾಕಾರವೂ ಸರಿಯಾಗೇ ಇದೆ. ವ್ಯತ್ಯಾಸ ಎಲ್ಲಿಂದ ಬರುತ್ತೆ ಅಂತ ಗೊತ್ತಾಗಬೇಕು ಅಂತಲೇ ನಾನು ಬೇರೆಯವರ ಕ್ಯಾಲ್ಕುಲೇಟರ್ ಬಿಟ್ಟು ನನ್ನದೇ ಶೀಟ್ ಮಾಡಿಕೊಂಡೆ. ಬೇಕಾಗಿದ್ದು ಕೊನೆಗೆ ಒಟ್ಟು ಎಷ್ಟಾಗುತ್ತೆ ಅಂತ ಹೇಳುವ FV ಅನ್ನೋ ಒಂದು ಫಂಕ್ಷನ್ ಅಷ್ಟೇ. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಮೂರರಲ್ಲೂ ಅದು ಒಂದೇ ಥರ ಕೆಲಸ ಮಾಡುತ್ತೆ.

B1ರಲ್ಲಿ ತಿಂಗಳ ಕಂತು 5000, B2ರಲ್ಲಿ ವರ್ಷದ ದರ 12%, B3ರಲ್ಲಿ ವರ್ಷಗಳು 10. ಆಮೇಲೆ ಈ ಎರಡು ಸಾಲು:

```
B4:  =(1+B2)^(1/12)-1
B5:  =FV(B4, B3*12, -B1, 0, 1)
```

B5ರಲ್ಲಿ ಸುಮಾರು 11,20,179 ಬರುತ್ತೆ. ಕೈಯಿಂದ ಹಾಕಿದ್ದು 6 ಲಕ್ಷ, ಉಳಿದದ್ದು ಬೆಳವಣಿಗೆ.

ಹೆಚ್ಚಿನವರು B4 ಬರೆಯದೆ ನೇರವಾಗಿ 12%/12 ಅಂತ ಹಾಕುತ್ತಾರೆ, ಅಂದರೆ ತಿಂಗಳಿಗೆ ಶೇಕಡ 1. ಆಗ ಉತ್ತರ 11,61,695. ನಲವತ್ತೊಂದು ಸಾವಿರಕ್ಕೂ ಜಾಸ್ತಿ ವ್ಯತ್ಯಾಸ! ಕಾರಣ ಇಷ್ಟೇ: ತಿಂಗಳಿಗೆ ಶೇಕಡ 1ರಂತೆ ಹನ್ನೆರಡು ತಿಂಗಳು ಬೆಳೆದರೆ ವರ್ಷಕ್ಕೆ ಶೇಕಡ 12 ಆಗಲ್ಲ, ಬೆಳವಣಿಗೆಯ ಮೇಲೆ ಬೆಳವಣಿಗೆ ಸೇರಿ 12.68 ಆಗುತ್ತೆ. 12 ಅಂತ ಅಂದುಕೊಂಡು 12.68ರ ಲೆಕ್ಕ ಹಾಕಿದ ಹಾಗಾಯ್ತು. ವರ್ಷಕ್ಕೆ ಸರಿಯಾಗಿ 12 ಬರಬೇಕು ಅಂದ್ರೆ ತಿಂಗಳ ದರ ಶೇಕಡ 0.949ರ ಹತ್ತಿರ ಇರಬೇಕು, B4 ಅದನ್ನೇ ಕೊಡುತ್ತೆ.

ಸಾಲದ ಬಡ್ಡಿಗೆ ಹನ್ನೆರಡರಿಂದ ಭಾಗಿಸೋದು ಸರಿ, ಯಾಕಂದ್ರೆ ಮನೆ ಸಾಲದಂಥದ್ದರಲ್ಲಿ ಬ್ಯಾಂಕ್ ಹೇಳುವ ವರ್ಷದ ದರವನ್ನು ತಿಂಗಳಿಗೆ ಹಾಗೇ ಹಂಚಿರುತ್ತಾರೆ. ಮ್ಯೂಚುವಲ್ ಫಂಡ್‌ನಲ್ಲಿ ಹಾಗಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಅವಧಿಗೆ ಫಂಡ್‌ನ ರಿಟರ್ನ್ ಹೇಳುವಾಗ ಅದು ಚಕ್ರಬಡ್ಡಿ ಲೆಕ್ಕದ ವಾರ್ಷಿಕ ದರ. ನಮ್ಮ ಎಸ್‌ಐಪಿಗೆ ಸ್ಟೇಟ್‌ಮೆಂಟ್‌ನಲ್ಲಿ ಕಾಣುವ XIRR, ಅಂದರೆ ಪ್ರತಿ ಕಂತಿನ ತಾರೀಕು ನೋಡಿ ಲೆಕ್ಕ ಹಾಕಿದ ವಾರ್ಷಿಕ ರಿಟರ್ನ್ ಕೂಡ ಅಂಥದ್ದೇ. ನನಗೆ ಇದು ಮುಖ್ಯ ಅನ್ನಿಸೋದು ಇಲ್ಲೇ. 12%/12 ಹಾಕಿ ಗುರಿ ಇಟ್ಟುಕೊಂಡು, ನಾಳೆ XIRR ನಿಖರವಾಗಿ 12 ಬಂದರೂ ದುಡ್ಡು ಗುರಿ ಮುಟ್ಟಿರಲ್ಲ. ಫಂಡ್ ಹೇಳಿದಷ್ಟು ಕೊಟ್ಟಿರುತ್ತೆ, ಆದರೂ ಕೈಗೆ ಕಮ್ಮಿ ಬಂದ ಹಾಗೆ ಕಾಣುತ್ತೆ.

ಇನ್ನು FVಯ ಕೊನೆಯ ಅಂಕೆ, ಆ 1. ಕಂತು ತಿಂಗಳ ಶುರುವಿನಲ್ಲಿ ಹೋಗುತ್ತೋ ಕೊನೆಯಲ್ಲಿ ಹೋಗುತ್ತೋ ಅನ್ನೋದನ್ನ ಅದು ಹೇಳುತ್ತೆ. ಬಿಟ್ಟರೆ FV ಅದನ್ನು 0 ಅಂತ ತಗೊಳ್ಳುತ್ತೆ, ಉತ್ತರ ಸುಮಾರು 11,09,650ಕ್ಕೆ ಇಳಿಯುತ್ತೆ. ನಾನು ಇದನ್ನ ಹೀಗೆ ನೋಡ್ತೀನಿ: 0 ಹಾಕಿದರೆ ಸಿಗೋದು 120ನೇ ಕಂತು ಕಟ್ಟಿದ ದಿನದ ಮೊತ್ತ, ಆ ಕೊನೆಯ ಐದು ಸಾವಿರ ಇನ್ನೂ ಒಂದು ರೂಪಾಯಿಯೂ ಬೆಳೆದಿಲ್ಲ. 1 ಹಾಕಿದರೆ ಅದಾಗಿ ಒಂದು ತಿಂಗಳ ನಂತರದ ಮೊತ್ತ, ಅಂದರೆ ಮೊದಲ ಕಂತಿನಿಂದ ಸರಿಯಾಗಿ ಹತ್ತು ವರ್ಷ ತುಂಬಿದ ದಿನದ್ದು. ಹತ್ತು ವರ್ಷ ಅಂತ ನಾವು ಹೇಳೋದು ಇದನ್ನೇ ಅಲ್ವಾ, ಅದಕ್ಕೆ ನಾನು 1 ಇಡುತ್ತೇನೆ. ಕಂತು 5ನೇ ತಾರೀಕಿಗೆ ಹೋಗುತ್ತೋ 25ಕ್ಕೋ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲ.

ಮೈನಸ್ ಗುರುತಿನ ವಿಷಯ. FVಗೆ ನಮ್ಮ ಕೈಯಿಂದ ಹೋಗುವ ದುಡ್ಡು ಮೈನಸ್, ಕೈಗೆ ಬರುವುದು ಪ್ಲಸ್. ಕಂತಿಗೆ ಮೈನಸ್ ಮರೆತರೆ ಉತ್ತರವೇ ಮೈನಸ್‌ನಲ್ಲಿ ಬರುತ್ತೆ, ತಕ್ಷಣ ಗೊತ್ತಾಗುತ್ತೆ, ತೊಂದರೆ ಇಲ್ಲ. ಅಪಾಯ ಇರೋದು ನಾಲ್ಕನೇ ಜಾಗದಲ್ಲಿ, ಅಂದರೆ ಈಗಾಗಲೇ ಫಂಡ್‌ನಲ್ಲಿರುವ ಮೊತ್ತ ಹಾಕುವ ಕಡೆ. ಅಲ್ಲಿ 50,000 ಇದೆ ಅಂದುಕೊಳ್ಳಿ. -50000 ಅಂತ ಹಾಕಿದರೆ ಸುಮಾರು 12,75,472, ಸರಿಯಾದ ಉತ್ತರ. ಮೈನಸ್ ಇಲ್ಲದೆ 50000 ಅಂತ ಹಾಕಿದರೆ FV ಅದನ್ನ ನೀವು ಮೊದಲೇ ತಗೊಂಡ ದುಡ್ಡು ಅಂತ ತಿಳಿದು ಕಳೆಯುತ್ತೆ, 9,64,887 ಬರುತ್ತೆ. ಇದೂ ನೋಡೋಕೆ ನಂಬುವಂಥ ಅಂಕೆಯೇ! ಅದಕ್ಕೆ ಆ ಜಾಗದಲ್ಲಿ ಮೊದಲು 0 ಇಟ್ಟು ಉತ್ತರ ನೋಡಿಕೊಳ್ಳಿ, ಆಮೇಲೆ ಮೊತ್ತ ಹಾಕಿ. ಉತ್ತರ ಮೇಲೇರಬೇಕು, ಇಳಿದರೆ ಗುರುತು ತಪ್ಪಿದೆ.

ದರ ಮತ್ತು ಅವಧಿ ಎರಡೂ ತಿಂಗಳಲ್ಲೇ ಇರಬೇಕು ಅನ್ನೋದನ್ನ ಜಾಸ್ತಿ ವಿವರಿಸಬೇಕಿಲ್ಲ. 120 ತಿಂಗಳಿಗೆ 12% ಹಾಗೇ ಹಾಕಿದರೆ ಮೂರು ಸಾವಿರ ಕೋಟಿ ದಾಟುತ್ತೆ, ಯಾರಿಗಾದರೂ ಗೊತ್ತಾಗುತ್ತೆ.

ಸೂತ್ರದ ಮೇಲೆ ನಂಬಿಕೆ ಬರಬೇಕಾದರೆ ಮೂರೇ ತಿಂಗಳಿಗೆ ಒಮ್ಮೆ ಕೈಯಲ್ಲಿ ಮಾಡಿ. ಸುಲಭವಾಗಲಿ ಅಂತ ಇಲ್ಲಿ ಮಾತ್ರ ತಿಂಗಳಿಗೆ ಶೇಕಡ 1 ತಗೊಳ್ಳೋಣ. 5,000 ಒಂದು ತಿಂಗಳಲ್ಲಿ 5,050. ಅದಕ್ಕೆ 5,000 ಸೇರಿಸಿದರೆ 10,050, ತಿಂಗಳಾದ ಮೇಲೆ 10,150.50. ಮತ್ತೆ 5,000 ಸೇರಿಸಿ ಬೆಳೆಸಿದರೆ 15,302 ಚಿಲ್ಲರೆ. `=FV(1%,3,-5000,0,1)` ಅದನ್ನೇ ತೋರಿಸುತ್ತೆ.

FVಗೆ ಒಂದು ಮಿತಿ ಇದೆ, ಅದು ಸಣ್ಣದಲ್ಲ. ಪ್ರತಿ ತಿಂಗಳೂ ಒಂದೇ ದರ, ಒಂದೇ ಕಂತು ಅಂತ ಅದು ತಿಳಿದುಕೊಳ್ಳುತ್ತೆ. ಮಾರುಕಟ್ಟೆ ಹಾಗೆ ನಡೆಯಲ್ಲ. ಹತ್ತು ವರ್ಷದ ಸರಾಸರಿ 12 ಬಂದರೂ, ಕೊನೆಯ ವರ್ಷಗಳಲ್ಲಿ ಬಿದ್ದರೆ ಪೆಟ್ಟು ಜಾಸ್ತಿ, ಯಾಕಂದ್ರೆ ಆಗ ಒಳಗಿರೋ ಮೊತ್ತ ದೊಡ್ಡದು. ಮೊದಲ ವರ್ಷ ಬಿದ್ದರೆ ಅಷ್ಟು ತಟ್ಟಲ್ಲ. ಹಾಗಾಗಿ ಶುರುವಿನಲ್ಲಿ ಒಮ್ಮೆ ಲೆಕ್ಕ ಹಾಕಿ ಸುಮ್ನೆ ಇಡೋದರಿಂದ ಪ್ರಯೋಜನ ಕಮ್ಮಿ. ನಾನು ವರ್ಷಕ್ಕೊಮ್ಮೆ ಆ ದಿನದ ನಿಜವಾದ ಮೊತ್ತವನ್ನು ನಾಲ್ಕನೇ ಜಾಗಕ್ಕೆ ಹಾಕಿ, ಉಳಿದ ತಿಂಗಳಿಗೆ ಮಾತ್ರ FV ಓಡಿಸುತ್ತೇನೆ.

ಒಂದು ಉದಾಹರಣೆ ನೋಡಿ. ಮೂರು ವರ್ಷ ಆಗಿದೆ, ಲೆಕ್ಕದ ಪ್ರಕಾರ 2,15,396ರ ಹತ್ತಿರ ಇರಬೇಕಿತ್ತು, ಆದರೆ ಇರೋದು 1,95,000. ಉಳಿದದ್ದು 84 ತಿಂಗಳು.

```
=FV(B4, 84, -B1, -195000, 1)
```

ಉತ್ತರ ಸುಮಾರು 10 ಲಕ್ಷ 75 ಸಾವಿರ. ಇವತ್ತಿನ ಇಪ್ಪತ್ತು ಸಾವಿರದ ಕೊರತೆ ಕೊನೆಗೆ ನಲವತ್ತೈದು ಸಾವಿರ ಆಗುತ್ತೆ. ಈಗ B1ರಲ್ಲಿ ಕಂತು ಬದಲಾಯಿಸಿ ನೋಡಬಹುದು: 5,350 ಮಾಡಿದರೆ ಉಳಿದ ಏಳು ವರ್ಷದಲ್ಲಿ 11,20,000 ಚೂರು ಹೆಚ್ಚುಕಮ್ಮಿ ಮುಟ್ಟುತ್ತೆ. ತಿಂಗಳಿಗೆ 350 ಜಾಸ್ತಿ ಕಟ್ಟೋದಾ, ಇಲ್ಲಾ ಅವಧಿಯನ್ನ ಕೆಲವು ತಿಂಗಳು ಮುಂದಕ್ಕೆ ತಳ್ಳೋದಾ ಅಂತ ಆ 84ನ್ನೂ ಬದಲಾಯಿಸಿ ಪಕ್ಕಪಕ್ಕದಲ್ಲೇ ಹೋಲಿಸಬಹುದು.