ಕೊನೆಯ ಮೊತ್ತದಿಂದ ಲಿಸ್ಟ್ ಬೆಲೆಗೆ: ನಮ್ಮ ಅಂಗಡಿಯಲ್ಲಿ ನಾನು ಮಾಡಿದ ಲೆಕ್ಕ

ನಮ್ಮದು ಉಡುಪಿಯಲ್ಲಿ ವಯರು, ಪೈಪು, ಸಿಮೆಂಟು ಮಾರುವ ಅಂಗಡಿ. ಮಾಲು ಬರುವುದು ಮಂಗಳೂರಿನಿಂದ. ತಾಮ್ರದ ದರ ಏರಿಳಿದ ಹಾಗೆ ವಯರಿನ ಲಿಸ್ಟ್ ಬೆಲೆಯೂ ಬದಲಾಗುತ್ತದೆ. ಹೊಸ ಲಿಸ್ಟ್ ನಮ್ಮ ಕೈಗೆ ಸಿಗುವುದು ಮಾತ್ರ ತಡವಾಗಿ. ಡಿಸ್ಟ್ರಿಬ್ಯೂಟರ್ ಫೋನಿನಲ್ಲಿ ಒಂದೇ ಅಂಕಿ ಹೇಳುತ್ತಾರೆ: "ಎಲ್ಲ ಸೇರಿ ಇಷ್ಟು ಹಾಕಿಬಿಡಿ." ಬಿಲ್ಲು ಮಾಲಿನ ಜೊತೆ ಟೆಂಪೋದಲ್ಲಿ ಬರುತ್ತದೆ. ಅಷ್ಟರಲ್ಲಿ ಇಲ್ಲಿ ಕಂಟ್ರಾಕ್ಟರು ಕೌಂಟರಿನ ಎದುರು ನಿಂತು, "ಲಿಸ್ಟಿನ ಮೇಲೆ ಎಷ್ಟು ಬಿಡ್ತೀರಿ?" ಅಂತ ಕೇಳುತ್ತಾರೆ. ಲಿಸ್ಟೇ ಗೊತ್ತಿಲ್ಲದೆ ಎಂತ ಹೇಳುವುದು?

ಕೊನೆಯ ಮೊತ್ತದಿಂದ ಹಿಂದಕ್ಕೆ ಹೋಗಿ ಲಿಸ್ಟ್ ಬೆಲೆ ತೆಗೆಯಬಹುದು ಅಂತ ನಾನು ಹೇಳಿದಾಗ ಅಪ್ಪ ಒಪ್ಪಲಿಲ್ಲ. "ಅದೆಲ್ಲ ಶಾಲೆಯ ಲೆಕ್ಕ ಮಗಾ, ಅಂಗಡಿಗೆ ಆಗುವುದಿಲ್ಲ" ಅಂದರು. ಬಿಲ್ಲು ಬರೆಯುವ ಹುಡುಗನಿಗೂ ನಂಬಿಕೆ ಇರಲಿಲ್ಲ. ಈಗ ಬಿಲ್ಲು ಬರುವ ಮೊದಲೇ ನಾನು ಚೀಟಿಯಲ್ಲಿ ಬರೆದಿಟ್ಟ ಲಿಸ್ಟ್ ಬೆಲೆ, ಆಮೇಲೆ ಬರುವ ಲಿಸ್ಟಿಗೆ ರೂಪಾಯಿ ತಪ್ಪದೆ ಹೊಂದುತ್ತದೆ. ಅಪ್ಪನೇ ಈಗ ಫೋನಿಟ್ಟ ಕೂಡಲೇ ನನ್ನನ್ನು ಕರೆಯುತ್ತಾರೆ.

ಒಂದು ಆರ್ಡರ್ ತೆಗೆದುಕೊಳ್ಳಿ. ಹತ್ತು ಕಾಯಿಲ್ ವಯರು. ನಮಗೆ ಸಿಗುವ ಡಿಸ್ಕೌಂಟ್ 30 ಪ್ಲಸ್ 10. ಟೆಂಪೋ ಬಾಡಿಗೆ 300, ಅದನ್ನೂ ಅವರು ಬಿಲ್ಲಿನೊಳಗೇ ಸೇರಿಸುತ್ತಾರೆ. ಹಾಗಾಗಿ ಬಾಡಿಗೆಗೂ ಜಿಎಸ್‌ಟಿ ಬೀಳುತ್ತದೆ. ವಯರಿಗೆ 18. ಫೋನಿನಲ್ಲಿ ಹೇಳಿದ ಮೊತ್ತ 30,090.

ಕೊನೆಗೆ ಸೇರಿದ್ದನ್ನು ಮೊದಲು ಬಿಡಿಸಬೇಕು. ಕೊನೆಗೆ ಸೇರಿದ್ದು ತೆರಿಗೆ, ಅದಕ್ಕೆ ಮೊದಲು ಬಾಡಿಗೆ, ಅದಕ್ಕೂ ಮೊದಲು ಎರಡು ಡಿಸ್ಕೌಂಟು.

```
30,090 ÷ 1.18 = 25,500
25,500 − 300  = 25,200
25,200 ÷ 0.90 = 28,000
28,000 ÷ 0.70 = 40,000
```

ಹತ್ತು ಕಾಯಿಲಿಗೆ 40,000 ಅಂದರೆ ಒಂದಕ್ಕೆ 4,000. ಅದೇ ಲಿಸ್ಟ್ ಬೆಲೆ.

ನಮ್ಮಲ್ಲಿ ಮೊದಲು ನಡೆಯುತ್ತಿದ್ದ ಲೆಕ್ಕ ಬೇರೆ. 30,090ರಲ್ಲಿ ನೂರಕ್ಕೆ 18 ಕಳೆಯುವುದು, ಬಾಡಿಗೆ ತೆಗೆಯುವುದು, ಉಳಿದದ್ದಕ್ಕೆ ನೂರಕ್ಕೆ 40 ಕೂಡಿಸುವುದು. ಹಾಗೆ ಮಾಡಿದರೆ ಕಾಯಿಲಿಗೆ ಸುಮಾರು 3,412 ಬರುತ್ತದೆ. ಅದರ ಮೇಲೆ ಕಂಟ್ರಾಕ್ಟರಿಗೆ 25 ಬಿಟ್ಟರೆ ಮಾರುವ ದರ 2,559. ನಮಗೆ ಬಾಡಿಗೆ ಸೇರಿ ಬಿದ್ದದ್ದು 2,550. ಇಡೀ ಕಾಯಿಲ್ ಹೊತ್ತು ಕೊಟ್ಟು ಒಂಬತ್ತು ರೂಪಾಯಿ ಲಾಭ! ಸರಿಯಾದ 4,000ದ ಮೇಲೆ ಅದೇ 25 ಬಿಟ್ಟಿದ್ದರೆ ದರ 3,000, ಲಾಭ 450. ವ್ಯಾಪಾರ ಜೋರಾಗಿದ್ದರೂ ತಿಂಗಳ ಕೊನೆಗೆ ಕೈಯಲ್ಲಿ ದುಡ್ಡು ನಿಲ್ಲುತ್ತಿರಲಿಲ್ಲ ಅಂದರೆ ಕಾರಣ ಇದೇ.

ಇನ್ನೊಂದು ಕಡೆಯ ತಪ್ಪೂ ಉಂಟು. 30 ಪ್ಲಸ್ 10 ಅಂದರೆ 40 ಅಂತ ಹಿಡಿದು 25,200ನ್ನು 0.60ರಿಂದ ಭಾಗಿಸಿದರೆ ಲಿಸ್ಟ್ 4,200 ಆಗುತ್ತದೆ. ಆಗ ನೀವು ಹೇಳುವ ದರ ಪಕ್ಕದ ಅಂಗಡಿಗಿಂತ ಜಾಸ್ತಿ, ಗಿರಾಕಿ ಮಾತಾಡದೆ ಹೋಗುತ್ತಾರೆ. 30 ಪ್ಲಸ್ 10 ನಿಜವಾಗಿ 37, ಇದು ನಿಮಗೆಲ್ಲ ಗೊತ್ತಿದ್ದದ್ದೇ. ಅವಸರದಲ್ಲಿ ಕೈ 40ರ ಕಡೆ ಹೋಗುತ್ತದೆ ಅಷ್ಟೇ.

ಡಿಸ್ಕೌಂಟಿನ ಅಭ್ಯಾಸ ಆದವರು ತೆರಿಗೆಯಲ್ಲಿ ಸಿಕ್ಕಿಬೀಳುತ್ತಾರೆ. ಬಿಲ್ಲಿನಲ್ಲಿ ಸಿಜಿಎಸ್‌ಟಿ 9, ಎಸ್‌ಜಿಎಸ್‌ಟಿ 9 ಅಂತ ಎರಡು ಸಾಲು ಇರುತ್ತದೆ. ನಮ್ಮ ಹುಡುಗ ಎರಡು ಸಲ 1.09ರಿಂದ ಭಾಗಿಸಿದ. ಲಿಸ್ಟ್ 3,972 ಬಂತು. ಅಪಾಯ ಎಲ್ಲಿದೆ ಅಂದರೆ, ಈ ಅಂಕಿ ನೋಡಲು ಸರಿ ಅನಿಸುತ್ತದೆ, 4,000ಕ್ಕೆ ಹತ್ತಿರವೇ ಇದೆ ಅಲ್ವಾ? ಎರಡನೆಯ ಡಿಸ್ಕೌಂಟ್ ಬೀಳುವುದು ಮೊದಲನೆಯದು ಕಳೆದು ಉಳಿದ ಮೊತ್ತದ ಮೇಲೆ. ಎರಡು ತೆರಿಗೆಗಳು ಹಾಗಲ್ಲ, ಎರಡೂ ಒಂದೇ ಬೇಸಿಕ್ ಮೇಲೆ ಬೀಳುತ್ತವೆ. ಹಾಗಾಗಿ 9ಕ್ಕೆ 9 ಕೂಡಿಸಿ ಒಂದೇ ಸಲ 1.18ರಿಂದ ಭಾಗಿಸಬೇಕು.

ಬಂದ ಉತ್ತರ ಸರಿಯೋ ಅಂತ ನೋಡಲು ನಾನು ಗಮನಿಸುವುದು ಅದರ ಕೊನೆಯ ಅಂಕಿಗಳನ್ನು. ನಾವು ತರಿಸುವ ವಯರಿನ ಲಿಸ್ಟ್ ಬೆಲೆ ಹೆಚ್ಚಾಗಿ ಹತ್ತರ ಲೆಕ್ಕದಲ್ಲಿರುತ್ತದೆ. ರೌಂಡ್ ಆಫ್‌ನಿಂದ ಬಿಲ್ಲಿನಲ್ಲಿ ಹೆಚ್ಚೆಂದರೆ ಐವತ್ತು ಪೈಸೆ ಆಚೀಚೆ. ಅದು ಹತ್ತು ಕಾಯಿಲಿಗೆ ಹಂಚಿಹೋದರೆ ಒಂದರ ಲಿಸ್ಟಿನಲ್ಲಿ ಏಳು ಪೈಸೆಯೂ ಬದಲಾಗುವುದಿಲ್ಲ. ಹಾಗಾಗಿ 3,972ರಂಥ ಉತ್ತರ ಬಂದರೆ ರೌಂಡ್ ಆಫ್ ಮೇಲೆ ಹಾಕಿ ಸುಮ್ನೆ ಕೂರಬೇಡಿ, ಯಾವುದೋ ಮೆಟ್ಟಿಲು ತಪ್ಪಿದೆ.

ಉತ್ತರ ಹತ್ತರ ಲೆಕ್ಕದಲ್ಲೇ ಬಂದು, ಆದರೂ ತಪ್ಪಾಗಿರುವುದೂ ಉಂಟು. ಒಮ್ಮೆ 3,920 ಬಂತು. ಆ ವಾರ ದರ ಇಳಿದ ಸುದ್ದಿ ಇರಲಿಲ್ಲ. 3,920ನ್ನು ಹಳೆಯ 4,000ದಿಂದ ಭಾಗಿಸಿದೆ. 0.98. ಅಂದರೆ ಎರಡು ಪರ್ಸೆಂಟ್ ಸಿ.ಡಿ. ಕೊಟ್ಟಿದ್ದಾರೆ, ಫೋನಿನಲ್ಲಿ ಹೇಳಿಲ್ಲ! ಕೂಡಲೇ ದುಡ್ಡು ಹಾಕಿದ್ದಕ್ಕೆ ಸಿಕ್ಕಿದ್ದು. ಆ ಮೇಲೆ ಪ್ರತಿ ಸಲ ಅದನ್ನು ಕೇಳಿ ಪಡೆಯುತ್ತೇನೆ. ಹೇಗೆ ಕೇಳುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ, ಅದು ನನ್ನ ವ್ಯಾಪಾರ.

ಮಾರುವಾಗಲೂ ಇದೇ ದಾರಿ. ಮಣಿಪಾಲದ ಕಡೆ ಮನೆ ಕಟ್ಟಿಸುವವರೊಬ್ಬರು, "ಕಾಯಿಲಿಗೆ ಟ್ಯಾಕ್ಸ್ ಸೇರಿ 3,300 ಮಾಡಿ ಮಾರಾಯ್ರೆ" ಅಂದರು. 3,300ನ್ನು 1.18ರಿಂದ ಭಾಗಿಸಿದರೆ 2,796.61. ನಮ್ಮ ಖರೀದಿ 2,550 ಕಳೆದರೆ ಲಾಭ ಸುಮಾರು 247. ಅಪ್ಪ ಖರೀದಿಯ 3,009ನ್ನು 3,300ರಿಂದ ಕಳೆದು 291 ಲಾಭ ಅನ್ನುತ್ತಿದ್ದರು. ನಡುವಿನ 44 ರೂಪಾಯಿ ನಮ್ಮದಲ್ಲ, ತೆರಿಗೆ ಕಟ್ಟುವಾಗ ಹೋಗುತ್ತದೆ. ಇದು ನಮ್ಮ ಹಾಗೆ ಇನ್‌ಪುಟ್ ಟ್ಯಾಕ್ಸ್ ತೆಗೆದುಕೊಳ್ಳುವವರ ಲೆಕ್ಕ. ಕಾಂಪೋಸಿಷನ್‌ನಲ್ಲಿ ಇರುವವರಿಗೆ ಖರೀದಿಯ ತೆರಿಗೆ ವಾಪಸ್ ಸಿಗುವುದಿಲ್ಲ, ಅವರ ಖರೀದಿ ಪೂರ್ತಿ 3,009.

ಆ ಮಣಿಪಾಲದವರಿಗೆ ಬಿಲ್ಲಿನಲ್ಲಿ ಲಿಸ್ಟ್ 4,000, ಡಿಸ್ಕೌಂಟ್ 25, ಅದರ ಮೇಲೆ ಇನ್ನೊಂದು ಡಿಸ್ಕೌಂಟ್ ಅಂತ ತೋರಿಸಬೇಕಿತ್ತು. 2,796.61ನ್ನು 3,000ದಿಂದ ಭಾಗಿಸಿದರೆ 0.932. ಹಾಗಾಗಿ ಎರಡನೆಯದು 6.78 ಹಾಕಿದೆ. ಬಿಲ್ಲು ಸರಿಯಾಗಿ 3,300ಕ್ಕೆ ನಿಂತಿತು.

ಚೌತಿಯ ಹೊತ್ತಿಗೆ ಒಂದು ಪ್ರಯೋಗ ಮಾಡಿದೆವು. ದೊಡ್ಡ ಬಿಲ್ಲಿಗೆ 500 ರೂಪಾಯಿ ರಿಯಾಯಿತಿ. ಪರ್ಸೆಂಟ್ ಆದರೆ ತೆರಿಗೆಯ ಮೊದಲು ಕಳೆದರೂ ನಂತರ ಕಳೆದರೂ ಗಿರಾಕಿ ಕೊಡುವ ಮೊತ್ತ ಒಂದೇ. ರೂಪಾಯಿಯಲ್ಲಿ ಕೊಟ್ಟರೆ ಹಾಗಲ್ಲ. ತೆರಿಗೆ ಹಾಕಿದ ಮೇಲೆ 500 ಕಳೆದರೆ ಪೂರ್ತಿ 500 ನಮ್ಮ ಜೇಬಿನದು, ತೆರಿಗೆ ಮಾತ್ರ ಹಳೆಯ ಮೊತ್ತಕ್ಕೇ ಕಟ್ಟಬೇಕು. ಅದರ ಬದಲು 500ನ್ನು 1.18ರಿಂದ ಭಾಗಿಸಿ, ಬಂದ 423.73ನ್ನು ಬಿಲ್ಲಿನಲ್ಲೇ ಬೇಸಿಕ್‌ನಿಂದ ಕಳೆದೆವು. ಗಿರಾಕಿಗೆ ಪೂರ್ತಿ 500 ಕಡಿಮೆಯಾಯಿತು, ನಮಗೆ ಬಿಲ್ಲಿಗೆ 76 ರೂಪಾಯಿ ಉಳಿಯಿತು.

ಈ ಲೆಕ್ಕ ಕೈಕೊಡುವುದು ಬೇರೆ ಬೇರೆ ತೆರಿಗೆಯ ಮಾಲು ಒಂದೇ ಮೊತ್ತದಲ್ಲಿ ಸೇರಿದಾಗ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಸಿಮೆಂಟಿಗೆ 28, ವಯರಿಗೆ 18 ಇತ್ತು. ಎರಡೂ ಸೇರಿದ ಮೊತ್ತವನ್ನು ಯಾವುದರಿಂದ ಭಾಗಿಸಿದರೂ ತಪ್ಪೇ. ಈಗ ಸಿಮೆಂಟೂ 18ಕ್ಕೆ ಇಳಿದದ್ದರಿಂದ ತೆರಿಗೆ ಬಿಡಿಸುವುದು ಸುಲಭ. ಆದರೆ ಡಿಸ್ಕೌಂಟು ಎರಡಕ್ಕೂ ಬೇರೆ. ಹಾಗಾಗಿ ವಯರಿನ ಮೊತ್ತವನ್ನು ಡಿಸ್ಟ್ರಿಬ್ಯೂಟರ್ ಬೇರೆಯಾಗಿ ಹೇಳುವ ತನಕ ನಾನು ದುಡ್ಡು ಹಾಕುವುದಿಲ್ಲ.