ಮೂರು ಪ್ಯಾಕೆಟ್ಟೋ, ಆರುನೂರು ಗ್ರಾಮೋ? ಆನ್‌ಲೈನ್ ಮಾರಾಟದಲ್ಲಿ ಬೆಲೆ ಬರೆಯುವ ಬಗೆ

ಧಾರವಾಡದ ನಮ್ಮ ವೈನಿ ಮನೆಯಲ್ಲೇ ಶೇಂಗಾ ಚಟ್ನಿ ಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುತ್ತಾರೆ. ಒಮ್ಮೆ ಗಿರಾಕಿಯೊಬ್ಬರು ಫೋನ್ ಮಾಡಿ, "ಮೂರು ಪ್ಯಾಕೆಟ್ ಬಂದಾವ್ರೀ, ಆದ್ರ ಒಂದೊಂದ್ರಾಗ ಬರೇ 200 ಗ್ರಾಂ ಐತಲ್ಲ?" ಎಂದು ಸಿಟ್ಟಾದರು. ಶೀರ್ಷಿಕೆ ಬರೆದುಕೊಟ್ಟವನು ನಾನೇ. "ಶೇಂಗಾ ಚಟ್ನಿ ಪುಡಿ 600 ಗ್ರಾಂ, 3ರ ಪ್ಯಾಕ್" ಎಂದಿತ್ತು. ಅವರು 600 ಗ್ರಾಮಿನ ಮೂರು ಪ್ಯಾಕೆಟ್ ಅಂದುಕೊಂಡಿದ್ದರು. ಓದಿದರೆ ಹಾಗೂ ಅರ್ಥವಾಗುತ್ತದೆ, ಅಲ್ವಾ?

ಮೊದಲು ಶೀರ್ಷಿಕೆ ಸರಿಮಾಡಿ. ಒಂದು ಪ್ಯಾಕೆಟ್ಟಿನ ತೂಕ, ಎಷ್ಟು ಪ್ಯಾಕೆಟ್, ಒಟ್ಟು ಎಷ್ಟು, ಈ ಮೂರೂ ಒಂದೇ ಸಾಲಿನಲ್ಲಿ ಬರಲಿ:

ಶೇಂಗಾ ಚಟ್ನಿ ಪುಡಿ, 200 ಗ್ರಾಂ × 3 ಪ್ಯಾಕೆಟ್ (ಒಟ್ಟು 600 ಗ್ರಾಂ)

"ಮನೆಯಲ್ಲೇ ಮಾಡಿದ, ಖಾರ, ಹಳೇ ಧಾರವಾಡ ರುಚಿ" ಇವೆಲ್ಲ ಆಮೇಲೆ. ಮೊಬೈಲ್‌ನಲ್ಲಿ ಉದ್ದದ ಶೀರ್ಷಿಕೆ ಅರ್ಧಕ್ಕೇ ತುಂಡಾಗುತ್ತದೆ. ರುಚಿಯ ವರ್ಣನೆ ಮುಂದಿದ್ದರೆ ತೂಕವೇ ಕಾಣುವುದಿಲ್ಲ. ವಿವರಣೆಯ ಮೊದಲ ಸಾಲಿನಲ್ಲಿ ಇನ್ನೊಂದು ಮಾತು ಹಾಕಿ: "ಸಂಖ್ಯೆ 1 ಎಂದು ಆರಿಸಿದರೆ 3 ಪ್ಯಾಕೆಟ್ ಬರುತ್ತವೆ." ಇಲ್ಲದಿದ್ದರೆ ಮೂರು ಬೇಕಾದವರು ಸಂಖ್ಯೆ 3 ಒತ್ತಿ, ಒಂಬತ್ತು ತರಿಸಿಕೊಂಡು ವಾಪಸ್ ಕಳಿಸುತ್ತಾರೆ.

ಇನ್ನು ಗ್ರಾಮಿನ ಲೆಕ್ಕ. ಪೊಟ್ಟಣ ಕಟ್ಟಿ ಮಾರುವ ಸರಕಿಗೆ 2011ರ ಕಾನೂನು ಮಾಪನ ನಿಯಮಗಳಿವೆ. ಎಂಆರ್‌ಪಿ ಜೊತೆಗೆ ತೂಕದ ಲೆಕ್ಕದ ಬೆಲೆಯನ್ನೂ ತೋರಿಸಬೇಕೆಂಬುದು ಅದಕ್ಕೆ ಆಮೇಲೆ ಸೇರಿದ ಮಾತು. ತೂಕ ಒಂದು ಕಿಲೋಗಿಂತ ಕಡಿಮೆಯಿದ್ದರೆ ಗ್ರಾಮಿಗೆ ಎಷ್ಟು, ಜಾಸ್ತಿಯಿದ್ದರೆ ಕಿಲೋಗೆ ಎಷ್ಟು ಎಂದು ಬರೆಯಬೇಕು. ಪೈಸೆಯವರೆಗೆ, ಅಂದರೆ ಚುಕ್ಕಿಯ ನಂತರ ಎರಡು ಅಂಕಿ.

ವೈನಿಯ 200 ಗ್ರಾಮಿನ ಪ್ಯಾಕೆಟ್ಟಿಗೆ ₹120. ಅಂದರೆ ಗ್ರಾಮಿಗೆ ₹0.60. ಮೂರರ ಪ್ಯಾಕ್ ₹330, ಗ್ರಾಮಿಗೆ ₹0.55. ಆರರ ಪ್ಯಾಕ್ ₹640. ಆದರೆ ಅದು 1.2 ಕಿಲೋ ಆದ್ದರಿಂದ ಕಿಲೋಗೆ ₹533.33 ಎಂದಾಯಿತು. ಈಗ ₹0.55 ಒಂದು ಕಡೆ, ₹533.33 ಇನ್ನೊಂದು ಕಡೆ. ಯಾವುದು ಅಗ್ಗ ಎಂದು ಗಿರಾಕಿ ಸುಮ್ನೆ ತಲೆ ಕೆಡಿಸಿಕೊಳ್ಳಬೇಕು. ಅದಕ್ಕೇ ನಿಯಮದ ಲೆಕ್ಕದ ಜೊತೆಗೆ, ವಿವರಣೆಯಲ್ಲಿ ಎಲ್ಲಕ್ಕೂ 100 ಗ್ರಾಮಿನ ಬೆಲೆಯನ್ನೂ ಕೊಡಿ: ₹60, ₹55, ₹53.33. ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಇಲ್ಲೊಂದು ಗುಂಡಿ ಇದೆ, ನಾವೂ ಬಿದ್ದಿದ್ದೇವೆ. ಹಬ್ಬಕ್ಕೆಂದು ಒಂದು ಪ್ಯಾಕೆಟ್ಟಿನ ಬೆಲೆಯನ್ನು ₹100ಕ್ಕೆ ಇಳಿಸಿದೆವು. ಮೂರರ ಪ್ಯಾಕ್ ₹330ರಲ್ಲೇ ಉಳಿಯಿತು. ಬಿಡಿಯಾಗಿ ಕೊಂಡರೆ ಮೂರಕ್ಕೆ ₹300! ಜಾಸ್ತಿ ಕೊಂಡವರಿಗೇ ಜಾಸ್ತಿ ಬೆಲೆ. ಒಂದು ಬೆಲೆ ಬದಲಾದಾಗಲೆಲ್ಲ ಉಳಿದ ಪ್ಯಾಕ್‌ಗಳ 100 ಗ್ರಾಮಿನ ಲೆಕ್ಕವನ್ನು ಮತ್ತೆ ಹಾಕಬೇಕು.

ಬೇರೆ ಬೇರೆ ಸಾಮಾನು ಸೇರಿಸಿದ ಕಾಂಬೋಗೆ ಈ ಗ್ರಾಮಿನ ಸರಾಸರಿ ಬೇಡ. ಚಟ್ನಿ ಪುಡಿ, ಸಾಂಬಾರ್ ಪುಡಿ, ಪುಳಿಯೋಗರೆ ಗೊಜ್ಜು ಮೂರನ್ನೂ ಕಲೆಸಿ "ಗ್ರಾಮಿಗೆ ಇಷ್ಟು" ಅಂದರೆ ಯಾರಿಗೆ ಏನು ತಿಳಿಯುತ್ತದೆ? ಒಳಗೇನಿದೆ, ಬಿಡಿಯಾಗಿ ಎಷ್ಟು ಎಂದು ಬರೆಯಿರಿ:

ಚಟ್ನಿ ಪುಡಿ 200 ಗ್ರಾಂ ₹120, ಸಾಂಬಾರ್ ಪುಡಿ 200 ಗ್ರಾಂ ₹140, ಪುಳಿಯೋಗರೆ ಗೊಜ್ಜು 250 ಗ್ರಾಂ ₹160. ಬಿಡಿಯಾಗಿ ₹420, ಒಟ್ಟಿಗೆ ₹375. ಉಳಿತಾಯ ₹45.

ಉಳಿತಾಯವನ್ನು ನೀವು ನಿಜವಾಗಿ ಮಾರುತ್ತಿರುವ ಬಿಡಿ ಬೆಲೆಯಿಂದಲೇ ಕಳೆಯಿರಿ. ನೀವು ಎಂದೂ ಮಾರದ ಎಂಆರ್‌ಪಿ ಬೆಲೆಯಿಂದ ಕಳೆದು ತೋರಿಸಿದರೆ ಗಿರಾಕಿ ನಿಮ್ಮದೇ ಇನ್ನೊಂದು ಪುಟ ನೋಡಿ ಹಿಡಿದುಬಿಡುತ್ತಾರೆ.

"2 ಕೊಂಡರೆ 1 ಉಚಿತ" ಎಂಬುದಕ್ಕೂ ಎರಡು ಸಾಲು ಬೇಕು. ಮೂರನೆಯದು ತಾನಾಗಿ ಬರುತ್ತದೆಯೋ, ಮೂರನ್ನೂ ಕಾರ್ಟ್‌ಗೆ ಹಾಕಬೇಕೋ? ಉಚಿತವಾಗಿ ಬರುವುದು ಅದೇ 200 ಗ್ರಾಮಿನದೋ, 50 ಗ್ರಾಮಿನ ಸ್ಯಾಂಪಲ್ಲೋ? "3 ಪ್ಯಾಕೆಟ್ ಕಾರ್ಟ್‌ಗೆ ಹಾಕಿ, 2ರ ಬೆಲೆ ₹240 ಮಾತ್ರ ಕೊಡಿ. ಮೂರೂ 200 ಗ್ರಾಮಿನವು" ಎಂದರೆ ಮುಗಿಯಿತು.

ಆಫರನ್ನು ಶೀರ್ಷಿಕೆಗೆ ತುರುಕಬೇಡಿ. ವಿವರಣೆಯಲ್ಲಿ ಕೊನೆಯ ದಿನಾಂಕದ ಸಮೇತ ಹಾಕಿ, ಆ ದಿನ ರಾತ್ರಿಯೇ ಅಳಿಸಿ. ದೀಪಾವಳಿಯ ಸಾಲು ನಮ್ಮದು ಸಂಕ್ರಾಂತಿವರೆಗೂ ಉಳಿದಿತ್ತು. ಒಬ್ಬರು ಅದರ ಸ್ಕ್ರೀನ್‌ಶಾಟ್ ಕಳಿಸಿದರು. ವೈನಿ ಏನೂ ಮಾತಾಡದೆ ಮೂರನೇ ಪ್ಯಾಕೆಟ್ ಕಟ್ಟಿ ಕಳಿಸಿಕೊಟ್ಟರು.