ಸ್ಕ್ರೀನ್‌ಶಾಟ್ ನಮ್ಮೂರಿನದೇ? ಗಡಿಯಾರ, ಅಂಕಿ, ಭಾಷೆ ನೋಡಿ ತಿಳಿಯುವುದು ಹೀಗೆ

ದಾವಣಗೆರೆಯ ಬಡಾವಣೆಯೊಂದರ ವಾಟ್ಸ್‌ಆ್ಯಪ್ ಗುಂಪಿಗೆ ಮಧ್ಯಾಹ್ನ 1.50ಕ್ಕೆ ಒಂದು ಸ್ಕ್ರೀನ್‌ಶಾಟ್ ಬಂತು ಎಂದಿಟ್ಟುಕೊಳ್ಳಿ. ‘ವಿದ್ಯಾನಗರದ ಅಕ್ಕ ಒಬ್ಬರು ಹೂಡಿಕೆ ಆ್ಯಪ್‌ನಿಂದ ಇವತ್ತು ತೆಗೆದ ಹಣ ನೋಡಿ, ನೀವೂ ಸೇರಿ’ ಎಂಬ ಒಕ್ಕಣೆ ಜೊತೆಗಿದೆ. ಚಿತ್ರದ ನಡುವೆ ದೊಡ್ಡದಾಗಿ ₹2.450.000, ಅದರ ಮೇಲೆ ಹಸಿರು ಗುರುತು ಮತ್ತು Berhasil ಎಂಬ ಪದ, ಕೆಳಗೆ 14 Agu 2025, ತುದಿಯಲ್ಲಿ ಗಡಿಯಾರ 15.07. ಉದಾಹರಣೆಗೆಂದು ಕಟ್ಟಿದ ಚಿತ್ರ ಇದು. ಇದನ್ನೇ ಮುಂದಿಟ್ಟುಕೊಂಡು ಒಂದೊಂದಾಗಿ ನೋಡೋಣ.

ಯಾವ ಸುಳಿವನ್ನು ಕಂಡರೂ ಮೊದಲು ಕೇಳಬೇಕಾದದ್ದು, ‘ಇದನ್ನು ಹೀಗೆ ಇಟ್ಟವರು ಯಾರು?’ ಎಂದು. ಫೋನಿನ ಭಾಷೆಯನ್ನೂ 12 ಅಥವಾ 24 ಗಂಟೆಯ ಗಡಿಯಾರವನ್ನೂ ಆರಿಸುವವರು ಫೋನಿನ ಒಡೆಯರು. ಗಂಟೆ ಎಷ್ಟು ಎಂಬುದನ್ನು ಸಾಮಾನ್ಯವಾಗಿ ಮೊಬೈಲ್ ನೆಟ್‌ವರ್ಕ್ ಹೊಂದಿಸುತ್ತದೆ. ಹಣದ ಗುರುತನ್ನು ಹಾಕುವುದು ಆ್ಯಪ್ ಮಾಡಿದವರು. ಈ ಮೂರೂ ಬೇರೆ ಬೇರೆ ಕೈಗಳು. ಒಂದೇ ಕೈಯ ಎರಡು ಸುಳಿವು ಒಂದೇ ಮಾತು ಹೇಳಿದರೆ ಅದು ಒಂದೇ ಸಾಕ್ಷಿ. ಬೇರೆ ಕೈಗಳ ಸುಳಿವು ಒಂದೇ ಊರನ್ನು ತೋರಿಸಿದಾಗಷ್ಟೇ ನಂಬಿಕೆ ಇಡಬಹುದು.

ಮೊದಲು ಫೈಲ್

ಗುಂಪಿಗೆ ಬಂದ ಚಿತ್ರ ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿರುತ್ತದೆ, ಹೆಸರೂ ಬದಲಾಗಿರುತ್ತದೆ. IMG-20250814-WA0012.jpg ಎಂಬಂಥ ಹೆಸರಿನಲ್ಲಿರುವ ದಿನಾಂಕ ನಿಮ್ಮ ಫೋನಿಗೆ ಚಿತ್ರ ಬಂದ ದಿನದ್ದು. ಅದನ್ನೇ ಸ್ಕ್ರೀನ್‌ಶಾಟ್ ತೆಗೆದ ದಿನವೆಂದು ತಿಳಿದು ಅನೇಕರು ಎಡವುತ್ತಾರೆ. ಕಳಿಸಿದವರನ್ನು ‘ಇದನ್ನೇ ಡಾಕ್ಯುಮೆಂಟ್ ಆಗಿ ಕಳಿಸ್ತೀರಾ?’ ಎಂದು ಕೇಳಿ. ಚಿತ್ರ ಅವರ ಫೋನಿನಲ್ಲೇ ತೆಗೆದದ್ದಾದರೆ ಮೂಲ ಹೆಸರು ಉಳಿದು ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಅದು ಹೆಚ್ಚಾಗಿ Screenshot_20250814-150712.png ಎಂಬ ಬಗೆಯದು, ಅಂದರೆ ದಿನಾಂಕ, ಆಮೇಲೆ ಗಂಟೆ, ನಿಮಿಷ, ಸೆಕೆಂಡು. ಐಫೋನಿನ ಹೆಸರಿನಲ್ಲಿ ಇಷ್ಟು ವಿವರ ಸಿಗುವುದಿಲ್ಲ. ಕಳಿಸಿದವರಿಗೂ ಬೇರೆ ಯಾರೋ ಫಾರ್ವರ್ಡ್ ಮಾಡಿದ್ದಾದರೆ ಅಲ್ಲಿಗೆ ಈ ದಾರಿ ಮುಗಿಯಿತು. ಅವರ ಮೇಲೆ ಅನುಮಾನ ಪಡಬೇಡಿ, ನಂಬಿಯೇ ಕಳಿಸಿರುತ್ತಾರೆ.

ತುದಿಯ ಪಟ್ಟಿ

ಈಗ ಚಿತ್ರವನ್ನು ಹಿಗ್ಗಿಸಿ ಮೇಲಿನ ಪಟ್ಟಿ ನೋಡಿ. ಗಡಿಯಾರ 24 ಗಂಟೆಯದ್ದು ಎಂಬುದರಿಂದ ಹೆಚ್ಚೇನೂ ತಿಳಿಯದು. ನಮ್ಮಲ್ಲೂ ಹಾಗೆ ಇಟ್ಟುಕೊಳ್ಳುವವರಿದ್ದಾರೆ. ನಿಜವಾದ ಸುಳಿವು ಗಂಟೆಗೂ ನಿಮಿಷಕ್ಕೂ ನಡುವಿನ ಚುಕ್ಕಿ. ಕನ್ನಡವಾಗಲಿ ಇಂಗ್ಲಿಷ್ ಆಗಲಿ, ನಮ್ಮ ಫೋನುಗಳ ಪಟ್ಟಿಯಲ್ಲಿ 15:07 ಎಂದು ಎರಡು ಚುಕ್ಕಿ ಇರುತ್ತವೆ. ಭಾಷೆಯನ್ನು ಇಂಡೊನೇಷ್ಯನ್‌ಗೆ ಇಟ್ಟರೆ 15.07 ಎಂದು ಒಂದೇ ಚುಕ್ಕಿ ಬರುತ್ತದೆ. ಡೇನಿಶ್, ಫಿನ್ನಿಶ್ ಭಾಷೆಗಳಲ್ಲೂ ಹೀಗೆಯೇ. ಆದ್ದರಿಂದ ಈ ಹಂತದಲ್ಲಿ ‘ಇದು ನಮ್ಮ ಕಡೆಯ ರೂಢಿಯಲ್ಲ’ ಎಂದಷ್ಟೇ ಬರೆದಿಟ್ಟುಕೊಳ್ಳಿ.

ಗಂಟೆಯನ್ನೇ ಲೆಕ್ಕ ಹಾಕಿದರೆ ಇನ್ನೂ ಗಟ್ಟಿಯಾದದ್ದು ಸಿಗುತ್ತದೆ. ಚಿತ್ರ ಗುಂಪಿಗೆ ಬಂದದ್ದು 14ನೇ ತಾರೀಖು ಮಧ್ಯಾಹ್ನ 1.50ಕ್ಕೆ. ಚಿತ್ರದೊಳಗೆ ಅದೇ ದಿನದ ತಾರೀಖಿದೆ, ಗಂಟೆ ಮಾತ್ರ 3.07. ದಾವಣಗೆರೆಯಲ್ಲಿ ಇನ್ನೂ ಆಗದ ಹೊತ್ತು! ಜಾವಾ, ಸುಮಾತ್ರಾ ಇರುವ ಪಶ್ಚಿಮ ಇಂಡೊನೇಷ್ಯಾದ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿದೆ. ಅಲ್ಲಿ 3.07 ಆದಾಗ ನಮ್ಮಲ್ಲಿ 1.37, ಅಂದರೆ ಗುಂಪಿಗೆ ಬರುವ ಹದಿಮೂರು ನಿಮಿಷ ಮೊದಲು. ಲೆಕ್ಕ ಕೂಡುತ್ತದೆ. ಚಿತ್ರದಲ್ಲಿ ತಾರೀಖು ಇಲ್ಲದಿದ್ದರೆ ಮಾತ್ರ ಈ ಲೆಕ್ಕ ಹಾಕಬೇಡಿ, ಅದು ನಿನ್ನೆಯದೋ ಹೋದ ವರ್ಷದ್ದೋ ಆಗಿರಬಹುದು.

ಚಾಟ್‌ನ ಸ್ಕ್ರೀನ್‌ಶಾಟ್ ಆಗಿದ್ದರೆ ಪಟ್ಟಿಯ ಗಡಿಯಾರವನ್ನು ಕೊನೆಯ ಮೆಸೇಜಿನ ಸಮಯದ ಜೊತೆ ಹೋಲಿಸಿ. ಎರಡೂ ಅದೇ ಫೋನಿನ ಸಮಯ. ಒಂದೇ ದಿನದಲ್ಲಿ ಮೆಸೇಜು ಪಟ್ಟಿಗಿಂತ ಮುಂದಿದ್ದರೆ ಯಾರೋ ತಿದ್ದಿದ್ದಾರೆ, ಇಲ್ಲವೇ ಫೋನಿನ ಗಡಿಯಾರ ಹಿಂದಿದೆ ಅಥವಾ ನಡುವೆ ಬದಲಾಗಿದೆ.

ಹಣದ ಅಂಕಿ

ಈ ಚಿತ್ರದ ಮೋಸವೆಲ್ಲ ಇರುವುದು ಇಲ್ಲಿ. ₹ ಗುರುತು ಕಂಡ ಕೂಡಲೇ ಕಣ್ಣು ಇಪ್ಪತ್ನಾಲ್ಕೂವರೆ ಲಕ್ಷ ಎಂದು ಓದಿಬಿಡುತ್ತದೆ. ಆದರೆ ಭಾರತದ ಆ್ಯಪ್ ಆ ಮೊತ್ತವನ್ನು 24,50,000 ಎಂದು ಬರೆಯುತ್ತದೆ: ಬಲಗಡೆ ಮೂರು ಅಂಕಿ, ಆಮೇಲೆ ಎರಡೆರಡು, ನಡುವೆ ಅಲ್ಪವಿರಾಮ. ವಿದೇಶಿ ಆ್ಯಪ್ ಆದರೆ 2,450,000 ಎಂದು ಬರಬಹುದು. ಹೀಗೆ ಮೂರು ಮೂರು ಅಂಕಿಗೆ ಚುಕ್ಕಿ ಇಡುವುದು ಇಂಡೊನೇಷ್ಯಾ, ವಿಯೆಟ್ನಾಂ, ಜರ್ಮನಿಗಳ ರೂಢಿ. ನಮ್ಮಲ್ಲಿ ಚುಕ್ಕಿಯ ಆಚೆಗಿನದು ಪೈಸೆ, ಅಂಥ ಚುಕ್ಕಿ ಒಂದೇ ಮೊತ್ತದಲ್ಲಿ ಎರಡು ಸಲ ಬರಲು ಸಾಧ್ಯವೇ ಇಲ್ಲ.

ಹಾಗಾದರೆ ₹ ಬಂದದ್ದು ಎಲ್ಲಿಂದ? ಆ ಗುರುತನ್ನಷ್ಟೇ ಹಿಗ್ಗಿಸಿ ನೋಡಿ. ಅದರ ಗೆರೆಯ ದಪ್ಪ ಪಕ್ಕದ 2ರ ದಪ್ಪಕ್ಕೆ ಹೊಂದುತ್ತದೆಯೇ, ಬುಡ ಒಂದೇ ಸಾಲಿನಲ್ಲಿದೆಯೇ, ಹಿಂದಿನ ಬಿಳಿ ಬಣ್ಣ ಸುತ್ತಲಿನ ಬಿಳಿಯಷ್ಟೇ ಇದೆಯೇ ಎಂದು ಗಮನಿಸಿ. ಇಂಡೊನೇಷ್ಯಾದ ಹಣವಾದ ರುಪಿಯಾದ ಗುರುತು Rp ಎಂಬ ಎರಡಕ್ಷರ ಅಳಿಸಿ ಒಂದೇ ಗುರುತು ಕೂರಿಸಿದರೆ ಎಡಬದಿಯಲ್ಲಿ ಖಾಲಿ ಜಾಗ ಉಳಿದು, ನಡುವಿನಲ್ಲಿರಬೇಕಾದ ಮೊತ್ತ ಬಲಕ್ಕೆ ಸರಿದಂತೆ ಕಾಣುತ್ತದೆ. ಆದರೆ ವಾಟ್ಸ್‌ಆ್ಯಪ್ ಕುಗ್ಗಿಸಿದ ಚಿತ್ರದಲ್ಲಿ ಅಕ್ಷರಗಳ ಅಂಚು ಹೇಗೂ ಮಸುಕಾಗಿರುತ್ತದೆ. ಬರೀ ಮಸುಕು ಕಂಡು ತಿದ್ದಿದ್ದಾರೆ ಎನ್ನಬೇಡಿ.

24,50,000 ಇಂಡೊನೇಷ್ಯನ್ ರುಪಿಯಾ ನಮ್ಮ ಹಣದಲ್ಲಿ ಹದಿಮೂರು ಸಾವಿರದ ಆಸುಪಾಸು. ಇಪ್ಪತ್ನಾಲ್ಕೂವರೆ ಲಕ್ಷ ಅಲ್ಲಿಗೆ ಇಳಿಯಿತು.

ಇನ್ನೊಂದು ಮಾತು: Rs ಎಂದಿದ್ದರೆ ಅದು ಭಾರತದ್ದೇ ಆಗಬೇಕಿಲ್ಲ. ಪಾಕಿಸ್ತಾನ, ನೇಪಾಳ, ಶ್ರೀಲಂಕಾಗಳಲ್ಲೂ ಹಾಗೆ ಬರೆಯುತ್ತಾರೆ. ಬಾಂಗ್ಲಾದೇಶದಲ್ಲೂ ಲಕ್ಷದ ಲೆಕ್ಕವಿದೆ, ಆದರೆ ಗುರುತು ৳.

ಆ್ಯಪ್‌ನ ಮಾತು

ಆ್ಯಪ್ ಇಂಗ್ಲಿಷಿನಲ್ಲಿದ್ದರೆ ಏನೂ ಹೇಳಲಾಗದು, ದಾವಣಗೆರೆಯಲ್ಲೂ ಚಿತ್ರದುರ್ಗದಲ್ಲೂ ಬಹಳ ಫೋನುಗಳು ಇಂಗ್ಲಿಷಿನಲ್ಲೇ ಇರುತ್ತವೆ. ಆದರೆ Berhasil ಎಂದರೆ ಇಂಡೊನೇಷ್ಯನ್‌ನಲ್ಲಿ ‘ಯಶಸ್ವಿ’, Agu ಎಂದರೆ ಅಲ್ಲಿನ Agustus, ನಮ್ಮ ಆಗಸ್ಟ್. ತಿದ್ದುವವರು ದೊಡ್ಡ ಅಂಕಿ ಬದಲಿಸುತ್ತಾರೆ, ಇಂಥ ಸಣ್ಣ ತಿಂಗಳ ಹೆಸರನ್ನು ಮರೆತುಬಿಡುತ್ತಾರೆ. ಸಮಯದ ಪಕ್ಕದಲ್ಲಿ WIB ಎಂದಿದ್ದರೆ ಅದು ಪಶ್ಚಿಮ ಇಂಡೊನೇಷ್ಯಾದ ಸಮಯವೆಂಬ ಗುರುತು. ಗೊತ್ತಿಲ್ಲದ ಪದವನ್ನು ಗೂಗಲ್ ಲೆನ್ಸ್‌ಗೆ ತೋರಿಸಿದರೆ ಅರ್ಥ ಕೊಡುತ್ತದೆ.

ಈಗ ಕೂಡಿಸಿ. ಚುಕ್ಕಿಯ ಗಡಿಯಾರ ಫೋನಿನ ಒಡೆಯರದು, ಮುಂದೆ ಓಡಿದ ಸಮಯ ನೆಟ್‌ವರ್ಕಿನದು, Berhasil ಮತ್ತು ಚುಕ್ಕಿಯ ಮೊತ್ತ ಆ್ಯಪ್‌ನದು. ಮೂರೂ ಕಡೆಯಿಂದ ಇಂಡೊನೇಷ್ಯಾ ಎಂದೇ ಬಂತು. ಜಕಾರ್ತಕ್ಕೆ ಪ್ರವಾಸ ಹೋದ ನಮ್ಮೂರಿನವರ ಫೋನಾಗಿದ್ದರೆ ಗಂಟೆ ಮಾತ್ರ ಮುಂದೆ ಇರುತ್ತಿತ್ತು, ಭಾಷೆಯೂ ತಿಂಗಳ ಹೆಸರೂ ಹಳೆಯವೇ ಉಳಿಯುತ್ತಿದ್ದವು. ಹಾಗೆಂದು ಈ ಸುಳಿವುಗಳು ಫೋನ್ ಯಾರದೆಂದು ಹೇಳಲಾರವು.

ಮೇಲಿನ ಪಟ್ಟಿ ಕತ್ತರಿಸಿ, ಅಂಕಿಯೊಂದನ್ನೇ ಬಿಟ್ಟ ಚಿತ್ರವಾದರೆ ‘ಇದರಿಂದ ಗೊತ್ತಾಗುವುದಿಲ್ಲ’ ಎಂಬುದೇ ಸರಿಯಾದ ಉತ್ತರ. ಗುಂಪಿನಲ್ಲಿ ಯಾರಾದರೂ ಆಗಲೇ ಇದನ್ನು ನಂಬಿ ಹಣ ಹಾಕಿದ್ದರೆ ಚಿತ್ರ ಪರೀಕ್ಷಿಸುತ್ತ ಕೂರಬೇಡಿ. ಅವರ ಯುಪಿಐ ಪಾವತಿಯ 12 ಅಂಕಿಯ ಯುಟಿಆರ್ ಸಂಖ್ಯೆ ಬರೆದುಕೊಂಡು ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ, ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲೇ ತಡೆಹಿಡಿಸಲು ಅವಕಾಶ ಇರುತ್ತದೆ. ಆ ಸ್ಕ್ರೀನ್‌ಶಾಟನ್ನೂ ಗುಂಪಿನಿಂದ ಅಳಿಸಬೇಡಿ, cybercrime.gov.in ನಲ್ಲಿ ದೂರಿನ ಜೊತೆ ಸೇರಿಸಲು ಬೇಕಾಗುತ್ತದೆ.